ಬಳ್ಳಿಗಾವೆಯ ಕೋಡಿಯಮಠ: ರಾಜರು ಬದಲಾದರು, ರಾಜಗುರು ಬದಲಾಗಲಿಲ್ಲ. ಹೇಗೆ?

ಶಿರಾಳಕೊಪ್ಪ ಬಸ್ಸು
ಹೋದ ಭಾನುವಾರ ಬಳ್ಳಿಗಾವೆಗೆ ಹೋಗಿದ್ದೆ. ಶಿರಾಳಕೊಪ್ಪದಲ್ಲಿ ಇಳಿದು ಆಟೋ ಹಿಡಿದರೆ ಹತ್ತು ನಿಮಿಷ. ಕೇದಾರೇಶ್ವರ ಗುಡಿ ನೋಡಿದೆ. ಅಲ್ಲಿ ಶಾಸನದ ಕಲ್ಲುಗಳನ್ನು ನೋಡುತ್ತಾ ನಿಂತಿದ್ದಾಗ, ಶಾಲೆಯ ಮಕ್ಕಳನ್ನು ಕರೆದುಕೊಂಡು ಬಂದಿದ್ದ ಮೇಷ್ಟ್ರೊಬ್ಬರು ಒಂದು ಮಾತು ಹೇಳಿದರು. ಈ ಗುಡಿಗೆ ಸೇರಿದ ಕೋಡಿಯಮಠದಲ್ಲಿ ವಾಮಶಕ್ತಿ ಅಂತ ಒಬ್ಬ ಗುರು ಇದ್ದರಂತೆ. ಅವರು ಕಳಚುರಿಗಳಿಗೂ ಬೇಕು, ಚಾಲುಕ್ಯರಿಗೂ ಬೇಕು, ಹೊಯ್ಸಳರಿಗೂ ಬೇಕು. ಈ ಮೂವರೂ ಒಬ್ಬರಿಂದ ಒಬ್ಬರು ನಾಡು ಕಿತ್ತುಕೊಂಡವರು, ಅಲ್ವಾ? ಹಳೆ ರಾಜನ ಗುರುವನ್ನು ಹೊಸ ರಾಜ ಯಾಕೆ ಇಟ್ಟುಕೊಳ್ಳುತ್ತಾನೆ? ನಮ್ಮ ಆಫೀಸಲ್ಲಿ ಹೊಸ ಮ್ಯಾನೇಜರ್ ಬಂದರೆ ಮೊದಲು ಹಳೆ ಮ್ಯಾನೇಜರ್‌ನ ಆಪ್ತರನ್ನೇ ಎತ್ತಂಗಡಿ ಮಾಡುತ್ತಾರೆ.

ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ಭಕ್ತಿ ಅಂತ ಒಂದೇ ಪದದಲ್ಲಿ ಮುಗಿಸಬೇಡಿ.

ನಗುಮೊಗ
ಕೋಡಿಮಠ ಅಂದರೆ ಪ್ರತಿ ವರ್ಷ ಟಿವಿಯಲ್ಲಿ ಭವಿಷ್ಯ ಬರುತ್ತಲ್ಲ, ಅದೇ ತಾನೇ? ಆಗಲೂ ರಾಜರಿಗೆ ಭವಿಷ್ಯ ಹೇಳುತ್ತಿದ್ದರು ಅನಿಸುತ್ತೆ. ಯಾರು ಗೆಲ್ಲುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ಯಾವ ರಾಜ ಬಿಡುತ್ತಾನೆ 😀

ಹಳೆಕಲ್ಲು
ಅದು ಅರಸೀಕೆರೆ ಹತ್ತಿರದ ಹಾರನಹಳ್ಳಿ. ಇದು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ. ಎರಡಕ್ಕೂ ಸಂಬಂಧ ಇಲ್ಲ. ಕೋಡಿ ಅಂದರೆ ಕೆರೆ ಕೋಡಿ, ನೀರು ತುಂಬಿ ಹೊರಗೆ ಹರಿಯುವ ಜಾಗ. ಕೆರೆ ಇದ್ದಲ್ಲೆಲ್ಲ ಕೋಡಿ ಇರುತ್ತೆ. ಹಾಗಾಗಿ ಆ ಹೆಸರಿನ ಮಠ ಎರಡು ಕಡೆ ಇರುವುದರಲ್ಲಿ ಆಶ್ಚರ್ಯ ಇಲ್ಲ.

ಬಸ್ಸು ಅವರ ಪ್ರಶ್ನೆ ಒಳ್ಳೆಯದು. ಸಂಜೆ ಕೂತು ಬರೆಯುತ್ತೇನೆ. ಈಗ ಮೊಮ್ಮಗಳನ್ನು ಸ್ಕೂಲಿನಿಂದ ಕರೆತರಬೇಕು.

ರುದ್ರವೀಣೆ
ಅಲ್ಲಿದ್ದವರು ಕಾಳಾಮುಖರು. ಮೈಗೆ ಹೆಣದ ಬೂದಿ ಬಳಿದುಕೊಂಡು, ತಲೆಬುರುಡೆಯಲ್ಲಿ ಊಟ ಮಾಡುತ್ತಿದ್ದವರು. ಉಗ್ರ ಶೈವರು. ರಾಜರು ಹೆದರಿ ಭೂಮಿ ಕೊಡುತ್ತಿದ್ದರು, ಅಷ್ಟೇ. ಶಾಪ ಹಾಕಿದರೆ ವಂಶ ನಿರ್ವಂಶ ಆಗುತ್ತೆ ಅನ್ನುವ ಭಯ. ಆಮೇಲೆ ಬಸವಣ್ಣ ಬಂದ ಮೇಲೆ ಇವರೆಲ್ಲ ವೀರಶೈವರಾದರು. ಇದು ಎಲ್ಲರಿಗೂ ಗೊತ್ತಿರುವ ವಿಷಯ.

ಹಳೆಕಲ್ಲು
ರುದ್ರವೀಣೆ ಅವರೇ, ನೀವು ಹೇಳಿದ್ದರಲ್ಲಿ ಅರ್ಧ ಎಲ್ಲಿಂದ ಬಂತು ಅಂತ ಹೇಳುತ್ತೇನೆ. ತಲೆಬುರುಡೆ, ಹೆಣದ ಬೂದಿ, ಕೈಯಲ್ಲಿ ದೊಣ್ಣೆ, ಹೆಂಡದ ಗಡಿಗೆ ಇಟ್ಟು ಪೂಜೆ, ಇದೆಲ್ಲ ಯಾಮುನಾಚಾರ್ಯರು ಮತ್ತು ರಾಮಾನುಜಾಚಾರ್ಯರು ಕಾಳಾಮುಖರ ಬಗ್ಗೆ ಬರೆದದ್ದು. ಅವರು ಶ್ರೀವೈಷ್ಣವರು. ಶೈವರ ಮತವನ್ನು ಖಂಡಿಸುವುದಕ್ಕೆ ಕೂತವರು. ಎದುರಾಳಿಯ ವಕೀಲ ಬರೆದ ದೂರನ್ನು ಓದಿದ ಹಾಗೆ ಅದು.

ಈಗ ಬಳ್ಳಿಗಾವೆಯ ಕಲ್ಲು ಏನು ಹೇಳುತ್ತೆ ನೋಡಿ. 1162ರ ಶಾಸನ ಕೋಡಿಯಮಠದಲ್ಲಿ ಏನೇನು ನಡೆಯುತ್ತಿತ್ತು ಅಂತ ಉದ್ದಕ್ಕೆ ಪಟ್ಟಿ ಕೊಡುತ್ತೆ. ನಾಲ್ಕು ವೇದಗಳ ಓದು. ಪಾಣಿನಿ, ಶಾಕಟಾಯನ ಮುಂತಾದ ವ್ಯಾಕರಣಗಳು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಜೊತೆಗೆ ಬೌದ್ಧ ದರ್ಶನ. ಲಾಕುಲ ಸಿದ್ಧಾಂತ, ಪತಂಜಲಿಯ ಯೋಗ, ಹದಿನೆಂಟು ಪುರಾಣ, ಕಾವ್ಯ, ನಾಟಕ. ಇಷ್ಟು ಓದುವವರಿಗೆ ತಲೆಬುರುಡೆ ತೊಳೆಯುವುದಕ್ಕೆ ಪುರುಸೊತ್ತು ಎಲ್ಲಿ?

ಓದಿನ ಪಟ್ಟಿಗಿಂತ ನನಗೆ ಇಷ್ಟ ಅದರ ಮುಂದಿನ ಭಾಗ. ಬಡವರು, ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರಿಗೆ ಊಟ. ಹಾಡುವವರಿಗೆ, ಬಾರಿಸುವವರಿಗೆ, ಕುಣಿಯುವವರಿಗೆ ಊಟ. ಬೇರೆ ಬೇರೆ ದೇಶದಿಂದ ಬರುವ ಭಿಕ್ಷುಕರಿಗೆ ಊಟ. ಅವರಲ್ಲಿ ಒಂದು ಕೋಲು ಹಿಡಿಯುವವರು, ಮೂರು ಕೋಲು ಹಿಡಿಯುವವರು, ಹಂಸರು, ಪರಮಹಂಸರು, ಬೆತ್ತಲೆ ಕ್ಷಪಣಕರು, ಎಲ್ಲರೂ ಇದ್ದಾರೆ. ರೋಗಿಗಳಿಗೆ ಔಷಧ. ಕೊನೆಗೆ, ಎಲ್ಲ ಜೀವಿಗಳಿಗೂ ಅಭಯ ಕೊಡುವ ಜಾಗ ಇದು ಅನ್ನುತ್ತೆ.

ಅಂದರೆ ತಿರುಗಾಡುವ ಯೋಗಿಗಳ ದಾರಿಯಲ್ಲಿ ಇದೊಂದು ದೊಡ್ಡ ತಂಗುದಾಣ. ನೆಲೆ ನಿಂತ ಮಠ ಒಂದು ಕಡೆ, ಅಲೆಯುವ ಸನ್ಯಾಸಿ ಇನ್ನೊಂದು ಕಡೆ ಅಂತ ನಾವು ಬೇರೆ ಬೇರೆ ಮಾಡುತ್ತೇವೆ. ಆದರೆ ಅಲೆಯುವವನಿಗೆ ಅನ್ನ ಹಾಕುತ್ತಿದ್ದದ್ದು ನೆಲೆ ನಿಂತ ಮಠ. ಆ ಮಠಕ್ಕೆ ಅಕ್ಕಿ ಬರುತ್ತಿದ್ದದ್ದು ರಾಜ ಬಿಟ್ಟ ಹಳ್ಳಿಯಿಂದ.

ಲೆಕ್ಕಿಗ
ಹಳೆಕಲ್ಲು ಸಾರ್, ಒಂದು ಅನುಮಾನ. ನಾನು ಲೆಕ್ಕ ತಪಾಸಣೆ ಮಾಡುವವನು. ದುಡ್ಡು ತಗೊಂಡ ಸಂಸ್ಥೆ ತನ್ನ ಬಗ್ಗೆ ತಾನೇ ಬರೆದುಕೊಂಡ ವರದಿಯನ್ನು ನಾವು ಹಾಗೇ ನಂಬಲ್ಲ. ರಾಮಾನುಜರದ್ದು ಎದುರಾಳಿಯ ದೂರು ಅಂದಿರಿ. ಸರಿ. ಹಾಗಾದರೆ ಶಾಸನ ಮಠದವರ ಬ್ರೋಶರ್ ಅಲ್ವಾ?

ಹಳೆಕಲ್ಲು
ಹೌದು, ಬ್ರೋಶರೇ. ಒಪ್ಪಿದೆ. ಎಷ್ಟು ಹುಡುಗರು ಓದುತ್ತಿದ್ದರು, ದಿನಕ್ಕೆ ಎಷ್ಟು ಎಲೆ ಹಾಕುತ್ತಿದ್ದರು ಅಂತ ಆ ಪಟ್ಟಿ ಹೇಳಲ್ಲ.

ಇಂಥ ಕಡೆ ನಾನು ಹೇಗೆ ಓದುತ್ತೇನೆ ಅಂತ ಹೇಳುತ್ತೇನೆ. ಕಾಳಾಮುಖ ಗುರುಗಳ ಹೆಸರು ಬಂದಾಗ ಶಾಸನಗಳಲ್ಲಿ ಒಂದು ಸರ ಬರುತ್ತೆ: ಯಮ, ನಿಯಮ, ಸ್ವಾಧ್ಯಾಯ, ಧ್ಯಾನ, ಧಾರಣ, ಮೌನಾನುಷ್ಠಾನ, ಜಪ, ಸಮಾಧಿ, ಶೀಲಸಂಪನ್ನರು. ಹತ್ತಾರು ಊರಿನಲ್ಲಿ, ಹತ್ತಾರು ಗುರುಗಳಿಗೆ ಇದೇ ಸರ. ಮದುವೆ ಕಾಗದದಲ್ಲಿ ಎಲ್ಲರೂ ಚಿರಂಜೀವಿಗಳೇ ಆಗಿರುತ್ತಾರಲ್ಲ, ಹಾಗೆ. ಅದರಿಂದ ಆ ಮನುಷ್ಯ ನಿಜಕ್ಕೂ ಮೌನಿಯಾಗಿದ್ದನಾ ಅಂತ ತಿಳಿಯಲ್ಲ. ಆದರೆ ಕೋಡಿಯಮಠದ ಪಟ್ಟಿ ಆ ಥರ ಅಚ್ಚು ಹಾಕಿದ್ದಲ್ಲ. ಕುಂಟರು, ಕುರುಡರು, ಬಾರಿಸುವವರು ಅಂತ ಒಬ್ಬೊಬ್ಬರನ್ನೇ ಹೆಸರಿಸುವುದು ಅಪರೂಪ. ಬರೆದವನು ಸ್ವಲ್ಪ ಉಬ್ಬಿಸಿರಬಹುದು. ಆದರೆ ಊರ ನಡುವೆ ನಿಲ್ಲಿಸುವ ಕಲ್ಲು ಅದು. ಊಟವೇ ಹಾಕದ ಜಾಗದ ಮುಂದೆ ಹಾಗೆ ಕೆತ್ತಿಸಿದ್ದರೆ ಜನ ನಗುತ್ತಿದ್ದರು.

ಎರಡನೆಯದು, ದಾನದ ಭಾಗ. ಯಾವ ಹಳ್ಳಿ, ಯಾವ ಗಡಿ, ಯಾವ ತೆರಿಗೆ ಬಿಟ್ಟದ್ದು, ಯಾರ ಕಾಲು ತೊಳೆದು ಕೊಟ್ಟದ್ದು. ಇದು ಹೊಗಳಿಕೆ ಅಲ್ಲ, ಕಾಗದಪತ್ರ. ಸುಳ್ಳು ಬರೆದರೆ ಪಕ್ಕದ ಹೊಲದವನು ಸುಮ್ನೆ ಬಿಡಲ್ಲ.

ತೋಟದಮನೆ
ಇದನ್ನೇ ಕೇಳಬೇಕು ಅಂತಿದ್ದೆ. ನಮ್ಮದೂ ಇನಾಮು ಜಮೀನು. ಮುತ್ತಾತನಿಗೆ ದೇವಸ್ಥಾನದ ಕಡೆಯಿಂದ ಬಂದದ್ದು. ತೋಟದ ಮೂಲೆಯಲ್ಲಿ ಲಿಂಗ ಕೆತ್ತಿದ ಗಿಡ್ಡ ಕಲ್ಲು ಇದೆ. ಪಕ್ಕದವರು ಬೇಲಿ ಒತ್ತಿಕೊಂಡು ಬಂದು ಕಲ್ಲನ್ನೇ ಒಳಗೆ ಹಾಕಿಕೊಂಡಿದ್ದಾರೆ. ಕಚೇರಿಗೆ ಮೂರು ಸಲ ಅಲೆದೆ. ಸರ್ವೆಯವರು ಈ ಕಲ್ಲನ್ನು ಪರಿಗಣಿಸಲ್ಲ ಅಂದರು. ಶಾಸನದಲ್ಲಿ ಸೂರ್ಯ ಚಂದ್ರ ಇರುವವರೆಗೆ ಅಂತ ಬರೆದಿರುತ್ತೆ ಅಲ್ವಾ? ಹಾಗಾದರೆ ನಮ್ಮ ಹಕ್ಕು ಈಗಲೂ ಇದೆ ಅಂತ ವಾದ ಮಾಡಬಹುದಾ?

ಲೆಕ್ಕಿಗ
ಸೂರ್ಯ ಚಂದ್ರ ಇದ್ದಾರೆ. ಆದರೆ ಮೈಸೂರು ರಾಜ್ಯದಲ್ಲಿ ಧಾರ್ಮಿಕ ಇನಾಮುಗಳನ್ನು 1955ರ ಕಾಯಿದೆಯಲ್ಲೇ ರದ್ದು ಮಾಡಿದರು. ಆಗ ನಿಮ್ಮ ಮನೆಯವರ ಹೆಸರಿಗೆ ಆದೇಶ ಆಗಿತ್ತಾ ಅನ್ನುವುದೇ ಮುಖ್ಯ. ಆ ಆದೇಶ, ಪಹಣಿ, ಹಳೆ ಸರ್ವೆ ಟಿಪ್ಪಣಿ ತಗೊಂಡು ಒಬ್ಬ ವಕೀಲರನ್ನು ನೋಡಿ. 12ನೇ ಶತಮಾನದ ಕಲ್ಲು ಕೋರ್ಟಿನಲ್ಲಿ ನಿಲ್ಲಲ್ಲ.

ಹಳೆಕಲ್ಲು
ತೋಟದಮನೆ ಅವರೇ, ಕೋರ್ಟಿನಲ್ಲಿ ನಿಲ್ಲದಿದ್ದರೂ ಆ ಕಲ್ಲನ್ನು ದಯವಿಟ್ಟು ಜೋಪಾನ ಮಾಡಿ. ಅದು ಲಿಂಗಮುದ್ರೆ ಕಲ್ಲು. ಶಿವನ ಗುಡಿಗೋ ಶೈವ ಮಠಕ್ಕೋ ಬಿಟ್ಟ ಭೂಮಿಯ ಗಡಿಗೆ ನೆಡುತ್ತಿದ್ದರು. ವಾಮನನ ಚಿತ್ರ ಇದ್ದರೆ ಬ್ರಾಹ್ಮಣರಿಗೋ ವೈಷ್ಣವರಿಗೋ ಕೊಟ್ಟದ್ದು, ಮುಕ್ಕೊಡೆ ಇದ್ದರೆ ಜೈನರಿಗೆ. ಓದು ಬರದ ರೈತನಿಗೂ ಇದು ಯಾರ ನೆಲ ಅಂತ ಗೊತ್ತಾಗಲಿ ಅಂತ ಮಾಡಿದ ಏರ್ಪಾಡು. ಅಕ್ಷರ ಇದ್ದರೆ ಫೋಟೋ ಹಾಕಿ.

ಈಗ ಬಸ್ಸು ಅವರ ಪ್ರಶ್ನೆಗೆ ಬರುತ್ತೇನೆ.

1162ರಲ್ಲಿ ಏನಾಗಿತ್ತು ನೆನಪಿಸಿಕೊಳ್ಳಿ. ಬಿಜ್ಜಳ ಚಾಲುಕ್ಯರ ಸಾಮಂತ. ಕಲ್ಯಾಣದ ದೊರೆ ಮೂರನೆಯ ತೈಲಪ ದುರ್ಬಲ. ಬಿಜ್ಜಳ ನಿಧಾನಕ್ಕೆ ಅಧಿಕಾರ ಕಿತ್ತುಕೊಂಡು ತಾನೇ ಚಕ್ರವರ್ತಿ ಅಂತ ಬಿರುದು ಹಾಕಿಕೊಂಡ. ಹೌದು, ಬಸವಣ್ಣನವರ ಕತೆಯಲ್ಲಿ ಬರುವ ಅದೇ ಬಿಜ್ಜಳ. ಕಲ್ಯಾಣ ಕೈಗೆ ಬಂತು, ಆದರೆ ತೆಂಕಣ ಸೀಮೆ ಒಪ್ಪಬೇಕಲ್ಲ? ಬನವಾಸಿ ಹನ್ನೆರಡು ಸಾವಿರ ಅಂದರೆ ಭತ್ತ, ಅಡಿಕೆ, ಮೆಣಸಿನ ನಾಡು. ಅದರ ರಾಜಧಾನಿ ಬಳ್ಳಿಗಾವೆ. ಬಿಜ್ಜಳ ದಂಡು ತಗೊಂಡು ಬಂದ. ಆಗ ಅವನ ಅಧಿಕಾರಿ ಕಸಪಯ್ಯ ನಾಯಕ, ಇಲ್ಲಿ ದಕ್ಷಿಣ ಕೇದಾರ, ಅಂದರೆ ಈ ಕೇದಾರೇಶ್ವರ ಇದೆ, ಇಲ್ಲಿ ಒಂದು ಧರ್ಮಕಾರ್ಯ ಮಾಡಬೇಕು ಅಂತ ಬಿನ್ನಹ ಮಾಡಿಕೊಂಡ. ಬಿಜ್ಜಳ ಮಠಕ್ಕೆ ದಾನ ಕೊಟ್ಟ.

ದಾನದ ಕ್ರಮವನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಇಂಥ ಶಾಸನಗಳಲ್ಲಿ ಬರುವ ಮಾತು "ಕಾಲಂ ಕರ್ಚಿ ಧಾರಾಪೂರ್ವಕಂ". ಗುರುವಿನ ಕಾಲು ತೊಳೆದು, ಕೈಗೆ ನೀರು ಎರೆದು ಕೊಡುವುದು. ಈಗ ತಾನೇ ಚಕ್ರವರ್ತಿ ಆದವನು ಊರಿನ ಸೆಟ್ಟಿಗಳು, ಗೌಡರು, ಬ್ರಾಹ್ಮಣರು ನೋಡುತ್ತಿರುವಾಗ ಇಲ್ಲಿನ ಮಠದ ಗುರುವಿನ ಕಾಲು ತೊಳೆದರೆ ಏನರ್ಥ? ನಾನು ಕೊಳ್ಳೆ ಹೊಡೆಯುವುದಕ್ಕೆ ಬಂದವನಲ್ಲ, ನಿಮ್ಮ ಹಳೆ ವ್ಯವಸ್ಥೆಯನ್ನು ಹಾಗೇ ನಡೆಸುವವನು ಅಂತ. ಆ ಗುರು ದಾನ ತಗೊಂಡರೆ ಏನರ್ಥ? ಭೂಮಿ ಕೊಡುವ ಹಕ್ಕು ನಿನಗಿದೆ ಅಂತ ಒಪ್ಪಿದ ಹಾಗೆ. ಕೊಟ್ಟವನಷ್ಟೇ ತಗೊಂಡವನೂ ಇಲ್ಲಿ ಮುಖ್ಯ. ಇಲ್ಲಿ ಮಠಕ್ಕೆ ರಾಜ ಎಷ್ಟು ಬೇಕಿತ್ತೋ ರಾಜನಿಗೆ ಮಠ ಅದಕ್ಕಿಂತ ಜಾಸ್ತಿ ಬೇಕಿತ್ತು ಅಂತ ನನ್ನ ಅಭಿಪ್ರಾಯ.

ಆಮೇಲೆ ಬಿಜ್ಜಳನ ಮಕ್ಕಳ ಕಾಲ ಬಂತು. ಚಾಲುಕ್ಯರ ನಾಲ್ಕನೆಯ ಸೋಮೇಶ್ವರ 1180ರ ದಶಕದಲ್ಲಿ ಸ್ವಲ್ಪ ದಿನ ಎದ್ದು ನಿಂತ. 1190ರ ಹೊತ್ತಿಗೆ ಹೊಯ್ಸಳ ಎರಡನೆಯ ಬಲ್ಲಾಳ ಬಂದ. ಅಷ್ಟೂ ಕಾಲ ಕೋಡಿಯಮಠದ ಪೀಠದಲ್ಲಿ ವಾಮಶಕ್ತಿಯೇ. ಬಸ್ಸು ಅವರೇ, ಮುಂದಿನ ಸಲ ಹೋದಾಗ ಕೇದಾರೇಶ್ವರ ಗುಡಿಯ ಮೇಲೆ ನೋಡಿ. ಹುಲಿ ಹೊಡೆಯುವ ಹೊಯ್ಸಳ ಲಾಂಛನ ಕೂತಿದೆ. ಕೆಳಗೆ ಚಾಲುಕ್ಯರ ಕಾಲದ ಗುಡಿ.

ಶಿರಾಳಕೊಪ್ಪ ಬಸ್ಸು
ಅಯ್ಯೋ, ಅದನ್ನು ನೋಡಿದೆ! ಚಾಲುಕ್ಯರ ಗುಡಿ ಅಂತ ಬೋರ್ಡಿನಲ್ಲಿ ಓದಿ, ಮೇಲೆ ಹೊಯ್ಸಳರದ್ದು ಯಾಕಿದೆ ಅಂತ ಫೋಟೋ ತೆಗೆದೆ. ಈಗ ಗೊತ್ತಾಯಿತು.

ಒಂದು ಪ್ರಶ್ನೆ ಉಳಿಯಿತು ಸಾರ್. ಒಪ್ಪಿಗೆ ಬೇಕು ಅಂದರೆ ಊರಿನ ಸೆಟ್ಟಿಗಳ ಹತ್ತಿರ ಕೇಳಬಹುದಿತ್ತು, ಬ್ರಾಹ್ಮಣರ ಅಗ್ರಹಾರ ಇತ್ತು. ಮಠವೇ ಯಾಕೆ?

ಹಳೆಕಲ್ಲು
ಅವರಿಗೂ ಕೊಟ್ಟಿದ್ದಾರೆ. ಬಳ್ಳಿಗಾವೆಯಲ್ಲಿ ಐದು ಮಠ ಇದ್ದವು ಅಂತ ಶಾಸನ ಹೇಳುತ್ತೆ. ಹರಿ, ಹರ, ಬ್ರಹ್ಮ, ಜಿನ, ಬುದ್ಧ, ಒಬ್ಬೊಬ್ಬರಿಗೆ ಒಂದೊಂದು. ಬ್ರಾಹ್ಮಣರು ನೆಲೆಸಿದ್ದ ಏಳು ಬ್ರಹ್ಮಪುರಿ ಬೇರೆ. 1065ರಲ್ಲಿ ಅಲ್ಲಿ ಬೌದ್ಧ ವಿಹಾರ ಕಟ್ಟಿಸಿದ ಶಾಸನವೂ ಇದೆ. ಜಾಣ ರಾಜ ಒಂದೇ ಬುಟ್ಟಿಯಲ್ಲಿ ಹಣ್ಣು ಇಡಲ್ಲ.

ಆದರೂ ಕಾಳಾಮುಖ ಮಠಕ್ಕೆ ಒಂದು ವಿಶೇಷ ಇತ್ತು. ಅಲ್ಲಿನ ಗುರುಗಳು ನೈಷ್ಠಿಕ ಬ್ರಹ್ಮಚಾರಿಗಳು. ಬ್ರಹ್ಮಚರ್ಯ ಪಾಲಿಸದವನು ಸ್ಥಾನದಲ್ಲಿ ಇರಕೂಡದು, ಇದ್ದರೆ ಅರಸನೂ ಊರವರೂ ಸೇರಿ ಹೊರಗೆ ಹಾಕಬೇಕು ಅನ್ನುವ ಷರತ್ತು ಕೆಲವು ಕಾಳಾಮುಖ ದಾನಶಾಸನಗಳಲ್ಲಿ ಸಿಗುತ್ತೆ. ಇದನ್ನು ಬರೀ ಮಡಿವಂತಿಕೆ ಅಂತ ಓದಬೇಡಿ. ಒಬ್ಬ ಸಾಮಂತನಿಗೆ ಹತ್ತು ಹಳ್ಳಿ ಕೊಟ್ಟರೆ ಮಗನಿಗೆ ಹೋಗುತ್ತೆ, ಮೊಮ್ಮಗನಿಗೆ ಹೋಗುತ್ತೆ. ಮೂರನೇ ತಲೆಮಾರಿಗೆ ಅವನೇ ಬಿಜ್ಜಳ ಆಗುತ್ತಾನೆ! ಸನ್ಯಾಸಿಗೆ ಕೊಟ್ಟರೆ ಅಲ್ಲಿ ರಾಜವಂಶ ಹುಟ್ಟಲ್ಲ. ಗುರುವಿನಿಂದ ಶಿಷ್ಯನಿಗೆ ಹೋಗುತ್ತೆ, ಆ ಶಿಷ್ಯ ಯಾರು ಅನ್ನುವುದರಲ್ಲಿ ಅರಸನಿಗೂ ಒಂದು ಮಾತು ಇರುತ್ತೆ. ಅರಸನಿಗೆ ಮಠದಿಂದ ಅಪಾಯ ಕಡಿಮೆ, ಕೆಲಸ ಜಾಸ್ತಿ.

ಕೆಲಸ ಅಂದೆನಲ್ಲ, ಅದು ಸಣ್ಣದಲ್ಲ. ಹಳ್ಳಿಗಳಿಂದ ಕಂದಾಯ ಎತ್ತಬೇಕು, ಗುಡಿ ಸೋರಿದರೆ ರಿಪೇರಿ ಮಾಡಿಸಬೇಕು, ಅಡುಗೆಮನೆ ನಡೆಸಬೇಕು. ವಾಮಶಕ್ತಿಗಿಂತ ಸ್ವಲ್ಪ ಮುಂಚೆ ಇದೇ ಮಠಕ್ಕೆ ವಿದ್ಯಾಭರಣ ಅಂತ ಆಚಾರ್ಯರಿದ್ದರು. ದೊಡ್ಡ ವಿದ್ವಾಂಸ. 1149ರ ಶಾಸನ ನೋಡಿದರೆ, ಮಠದ ಆಡಳಿತ ತಮ್ಮ ಓದಿಗೆ ಅಡ್ಡಿ ಅಂತ ಅವರು ಅದನ್ನು ಗೌತಮ ಅನ್ನುವವರಿಗೆ ವಹಿಸಿಬಿಟ್ಟರು. ಆ ಗೌತಮರ ನಂತರ ಬಂದವರೇ ವಾಮಶಕ್ತಿ. ವಿದ್ಯಾಭರಣರ ಬಗ್ಗೆ ನನಗೆ ತುಂಬಾ ಪ್ರೀತಿ. ನಾನೂ ಪ್ರಾಂಶುಪಾಲ ಹುದ್ದೆ ಬೇಡ ಅಂದವನು.

ಗದಗಿನವ
ನಮ್ಮ ಗದಗ ಮರಿಬ್ಯಾಡ್ರಿ. ತ್ರಿಕೂಟೇಶ್ವರ ಗುಡಿಯಲ್ಲೂ ಇದೇ ಕತೆ. ಬಲ್ಲಾಳ ಸೇವುಣರ ಭಿಲ್ಲಮನನ್ನು ಸೋಲಿಸಿ 1192ರಲ್ಲಿ ಇಲ್ಲಿಗೆ ಬಂದು ತ್ರಿಕೂಟೇಶ್ವರನಿಗೆ ಒಂದು ಹಳ್ಳಿ ಬಿಟ್ಟ. ತಗೊಂಡವರು ಸಿದ್ಧಾಂತಿ ಚಂದ್ರಭೂಷಣ ಪಂಡಿತ, ಅವರೂ ಕಾಳಾಮುಖರು. ಅವರಿಗೆ ಸತ್ಯವಾಕ್ಯ ಅಂತಲೂ ಹೆಸರಿತ್ತು. ಯುದ್ಧ ಗೆದ್ದ ಹೊಸದರಲ್ಲೇ ದಾನ. ಹಳೆಕಲ್ಲು ಸರ್ ಹೇಳಿದ್ದಕ್ಕೆ ಇದು ಸರಿಯಾಗಿ ಕೂಡುತ್ತೆ ನೋಡ್ರಿ. ಗೆದ್ದವನು ಮೊದಲು ಮಾಡುವ ಕೆಲಸ ಅದು.

ಆದರೆ ಒಂದು ಮಾತು ಒಪ್ಪಲ್ಲ. ಎಲ್ಲವನ್ನೂ ಲೆಕ್ಕಾಚಾರ ಅಂದುಬಿಟ್ಟರೆ ಹೆಂಗ? ಬಲ್ಲಾಳನಿಗೆ ಶಿವನ ಮೇಲೆ ಭಕ್ತಿ ಇರಲೇ ಇಲ್ಲ ಅಂತೀರೇನು?

ಹಳೆಕಲ್ಲು
ಇರಲಿಲ್ಲ ಅಂತ ನಾನು ಹೇಳಿಲ್ಲ. ಭಕ್ತಿ ಎಷ್ಟಿತ್ತು ಅಂತ ಅಳೆಯುವುದಕ್ಕೆ ನನ್ನ ಹತ್ತಿರ ಮಾನದಂಡ ಇಲ್ಲ. ಯಾವಾಗ ಕೊಟ್ಟ, ಎಲ್ಲಿ ಕೊಟ್ಟ ಅನ್ನುವುದನ್ನು ಮಾತ್ರ ನೋಡಬಲ್ಲೆ.

ರುದ್ರವೀಣೆ
ಆಯ್ತು, ತಲೆಬುರುಡೆ ವಾಪಸ್ ತಗೊಂಡೆ. ಆದರೆ ಬಸವಣ್ಣನವರ ನಂತರ ಕಾಳಾಮುಖರು ಕಾಣಿಸಲ್ಲ, ಅದಂತೂ ನಿಜ ತಾನೇ? ಅವರ ಮಠಗಳು ಇದ್ದ ಊರುಗಳಲ್ಲೇ ಈಗ ವೀರಶೈವ ಮಠಗಳಿವೆ. ಅಲ್ಲಮಪ್ರಭು ಹುಟ್ಟಿದ್ದೂ ಬಳ್ಳಿಗಾವೆಯಲ್ಲೇ ಅಂತ ಹೇಳುತ್ತಾರೆ. ಇಷ್ಟೆಲ್ಲ ಸುಮ್ನೆ ಕಾಕತಾಳೀಯವಾ?

ಹಳೆಕಲ್ಲು
ಇದರಲ್ಲಿ ನೀವು ಪೂರ್ತಿ ತಪ್ಪು ಅಂತ ಹೇಳಲಾರೆ. ಊರುಗಳು ಒಂದೇ, ಹಲವು ಕಡೆ ಗುಡಿಗಳೂ ಅವೇ. ಆದರೆ "ಎಲ್ಲರೂ ಆದರು" ಅನ್ನುವುದಕ್ಕೆ ನನ್ನ ತಕರಾರು. ಕಲ್ಯಾಣದ ಗದ್ದಲ ಆಗಿ, ಬಿಜ್ಜಳ ಹೋಗಿ ಇಪ್ಪತ್ತು ವರ್ಷ ಕಳೆದ ಮೇಲೂ ವಾಮಶಕ್ತಿ ರಾಜಗುರು ಅಂತಲೇ ಇದ್ದಾರೆ. ಗದಗಿನ ಚಂದ್ರಭೂಷಣರೂ ಇದ್ದಾರೆ. ಅಂದರೆ ಒಂದೇ ದಿನ ಬಟ್ಟೆ ಬದಲಿಸಿದ ಹಾಗೆ ಆಗಿಲ್ಲ. ಕಾಳಾಮುಖರು ವೇದ ಓದಿಸುತ್ತಿದ್ದವರು, ಅರಸರ ದಾನ ತಗೊಂಡು ಗುಡಿ ನಡೆಸುತ್ತಿದ್ದವರು. ಶರಣರು ಉಳ್ಳವರು ಕಟ್ಟಿದ ಶಿವಾಲಯವನ್ನೇ ಪ್ರಶ್ನೆ ಮಾಡಿದವರು. ಇವರು ಅವರೊಳಗೆ ಕರಗಿದರು ಅಂದರೆ, ಯಾವ ದಾರಿಯಲ್ಲಿ ಅಂತ ತೋರಿಸಬೇಕು.

ರುದ್ರವೀಣೆ
ದಾರಿ ತೋರಿಸುತ್ತೇನೆ. ರಾಜರ ದುಡ್ಡು ನಿಂತಾಗ ಜನರ ದುಡ್ಡು ಬೇಕಾಯಿತು. ಜನ ಆಗ ಶರಣರ ಕಡೆ ಇದ್ದರು. ಮಠ ಆ ಕಡೆ ವಾಲಿತು.

ಹಳೆಕಲ್ಲು
ಇದು ಯೋಚಿಸಬೇಕಾದ ಮಾತು. ಒಪ್ಪಿದೆ ಅಂತ ಬರೆಯಲ್ಲ, ಆದರೆ ಯೋಚಿಸುತ್ತೇನೆ.

ಕದ್ರಿಯ ಮಗಳು
ನಮ್ಮ ಕದ್ರಿ ಬಗ್ಗೆ ಯಾರೂ ಮಾತಾಡಲೇ ಇಲ್ಲ ಮಾರಾಯ್ರೇ! ನಿಮ್ಮಲ್ಲಿ ಯೋಗಿ ರಾಜನಿಗೆ ಗುರು. ನಮ್ಮಲ್ಲಿ ಯೋಗಿಯೇ ರಾಜ. ಕದ್ರಿ ಜೋಗಿ ಮಠದ ಪೀಠಾಧಿಪತಿಯನ್ನು ರಾಜ ಅಂತಲೇ ಕರೆಯುವುದು. ಹನ್ನೆರಡು ವರ್ಷಕ್ಕೊಮ್ಮೆ ನಾಸಿಕದ ಕುಂಭ ಮುಗಿದ ಮೇಲೆ ತ್ರ್ಯಂಬಕೇಶ್ವರದಿಂದ ನಾಥ ಯೋಗಿಗಳ ಝುಂಡಿ ನಡೆದುಕೊಂಡು ಹೊರಡುತ್ತದೆ. ತಿಂಗಳುಗಟ್ಟಲೆ ನಡೆದು ಇಲ್ಲಿಗೆ ಬಂದು ಹೊಸ ರಾಜನಿಗೆ ಪಟ್ಟ ಕಟ್ಟುತ್ತಾರೆ. ಹಿಂದಿನ ಸಲ 2016ರಲ್ಲಿ ಬಂದಿದ್ದರು. ನಾನೂ ಅಮ್ಮನ ಜೊತೆ ರಸ್ತೆ ಬದಿ ನಿಂತು ನೋಡಿದ್ದೇನೆ. ಕಿವಿಯಲ್ಲಿ ದೊಡ್ಡ ಕುಂಡಲ, ಕಾಲು ಪೂರ್ತಿ ಧೂಳು. ಅಜ್ಜಿ ಹೇಳುತ್ತಿದ್ದರು, ಹಿಂದೆ ಮಂಗಳೂರು ಎಲ್ಲ ಜೋಗಿ ಅರಸರದ್ದೇ ಆಗಿತ್ತಂತೆ. ಹೌದಾ?

ಹಳೆಕಲ್ಲು
ಒಳ್ಳೆಯದಾಯಿತು ನೀವು ಬಂದದ್ದು. ಮೊದಲು ಒಂದು ಮಾತು: ಕದ್ರಿಯವರು ನಾಥರು, ಬಳ್ಳಿಗಾವೆಯವರು ಕಾಳಾಮುಖರು. ಇಬ್ಬರೂ ಶೈವರೇ, ಆದರೆ ಪರಂಪರೆ ಬೇರೆ.

ಮಂಗಳೂರು ಎಲ್ಲ ಅವರದ್ದೇ ಅನ್ನುವುದು ಅಜ್ಜಿಯ ಪ್ರೀತಿ ಇರಬೇಕು. ಆ ಸೀಮೆಯಲ್ಲಿ ಆಳುಪರಿದ್ದರು, ಆಮೇಲೆ ಬಂಗರು ಮುಂತಾದ ಅರಸರು, ಇಕ್ಕೇರಿ ನಾಯಕರು. ಕದ್ರಿಯಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯನ್ನು 968ರಲ್ಲಿ ಮಾಡಿಸಿದ್ದು ಆಳುಪ ಕುಂದವರ್ಮ. ಆಗ ಅದು ಕದಿರಿಕಾ ವಿಹಾರ. ತಮಾಷೆ ಏನೆಂದರೆ, ವಿಹಾರದಲ್ಲಿ ಲೋಕೇಶ್ವರನನ್ನು ಸ್ಥಾಪಿಸಿದ ಅದೇ ಶಾಸನದಲ್ಲಿ ಆತ ತನ್ನನ್ನು ಶಿವನ ಪಾದಕಮಲದ ದುಂಬಿ ಅಂತ ಕರೆದುಕೊಳ್ಳುತ್ತಾನೆ.

ಆದರೆ ಜೋಗಿ ರಾಜ ಅನ್ನುವ ಹೆಸರು ನಿನ್ನೆ ಮೊನ್ನೆಯದಲ್ಲ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಮಂಗಳೂರಿಗೆ ಬಂದಾಗ ಜೋಗಿಗಳ ರಾಜನನ್ನು ನೋಡಲೇಬೇಕು ಅಂತ ಕದ್ರಿ ಗುಡ್ಡ ಹತ್ತಿದ. ರಾಜ ಅಂದರೆ ಸಿಂಹಾಸನ, ಛತ್ರಿ ಇರುತ್ತೆ ಅಂದುಕೊಂಡಿದ್ದನೋ ಏನೋ. ಅವನಿಗೆ ಕಂಡದ್ದು ತಲೆಗೆ ಕೆಂಪು ಟೋಪಿ, ಕಿವಿಗೆ ಒಡವೆ ಹಾಕಿದ ಗಟ್ಟಿಮುಟ್ಟಾದ ಒಬ್ಬ ಹಿರಿಯ. ಆ ಹೊತ್ತಿಗೆ ಕರಾವಳಿಯಲ್ಲಿ ಇಕ್ಕೇರಿಯ ವೆಂಕಟಪ್ಪ ನಾಯಕನ ಕೈ ಮೇಲಾಗಿತ್ತು. ಹೆಸರಿಗೆ ರಾಜ, ದಂಡು ಇಲ್ಲ.

ಹೋಲಿಸಿ ನೋಡಿದರೆ ನನಗೆ ಹೀಗೆ ಕಾಣುತ್ತೆ. ಬಳ್ಳಿಗಾವೆಯ ಗುರು ಅರಸನ ಪಟ್ಟಿಯಲ್ಲಿ ಹೆಸರಿದ್ದವನು. ಅವನ ಬಲ ಅರಸನ ಜೊತೆ ಏರುತ್ತೆ, ಇಳಿಯುತ್ತೆ. ಕದ್ರಿಯ ರಾಜನನ್ನು ಆರಿಸುವುದು ದೂರದ ನಾಸಿಕದಲ್ಲಿ, ತಿರುಗುವ ಯೋಗಿಗಳ ಗುಂಪು. ಇಕ್ಕೇರಿಯವರಿಗೂ ಅದರಲ್ಲಿ ಕೈ ಹಾಕುವುದು ಕಷ್ಟ. ಕೋಡಿಯಮಠ ಇವತ್ತು ಇಲ್ಲ, ಕದ್ರಿಗೆ ಈಗಲೂ ಝುಂಡಿ ಬರುತ್ತೆ. ಇದಕ್ಕೆ ಅದೇ ಕಾರಣ ಅಂತ ಖಡಾಖಂಡಿತ ಹೇಳಲ್ಲ, ಆದರೆ ನನ್ನ ಅನುಮಾನ ಆ ಕಡೆ.

ನಗುಮೊಗ
ಇವರ ಹತ್ತಿರ ಸೈನ್ಯ ಇರಲಿಲ್ವಾ? ನಾಗಾ ಸಾಧುಗಳು ಕತ್ತಿ ಹಿಡಿದು ಯುದ್ಧ ಮಾಡುತ್ತಿದ್ದರು ಅಂತ ಕೇಳಿದ್ದೇನೆ.

ಹಳೆಕಲ್ಲು
ಅದು ಉತ್ತರದ ಕತೆ, ಕಾಲವೂ ಬೇರೆ. 1567ರಲ್ಲಿ ಥಾನೇಸರದಲ್ಲಿ ಸನ್ಯಾಸಿಗಳ ಎರಡು ಗುಂಪು ಭಿಕ್ಷೆಗೆ ಕೂರುವ ಜಾಗಕ್ಕೆ ಜಗಳ ತೆಗೆದು ಕತ್ತಿ ಹಿಡಿದಾಗ ಅಕ್ಬರ್ ನಿಂತು ನೋಡಿದ. ಸೋಲುತ್ತಿದ್ದ ಸಣ್ಣ ಗುಂಪಿಗೆ ತನ್ನ ಕಡೆಯವರನ್ನೂ ಕಳಿಸಿದ. ದೊಡ್ಡ ದಂಡು ಕಟ್ಟಿಕೊಂಡು ನವಾಬರಿಗೆ ದುಡಿದ ಗೋಸಾಯಿಗಳು 18ನೇ ಶತಮಾನದವರು. ಕೋಡಿಯಮಠದ ಶಾಸನದಲ್ಲಿ ಅಡುಗೆ ಇದೆ, ವ್ಯಾಕರಣ ಇದೆ, ಔಷಧ ಇದೆ. ಕತ್ತಿ ಇಲ್ಲ.

ಲೆಕ್ಕಿಗ
ಸಾರ್, ಕೊನೆಗೊಂದು. ಆಸ್ಪತ್ರೆ, ಊಟ, ಪಾಠ, ಯಾವುದಕ್ಕೆ ಎಷ್ಟು ಪಾಲು ಅಂತ ಎಲ್ಲಾದರೂ ಬಜೆಟ್ ಸಿಗುತ್ತಾ? ನನ್ನ ತಲೆ ಅಲ್ಲೇ ಓಡುತ್ತೆ.

ಹಳೆಕಲ್ಲು
ಆಂಧ್ರದ ಮಲ್ಕಾಪುರಂ ಶಾಸನ ಓದಿ. 1261, ಕಾಕತೀಯ ರುದ್ರಮದೇವಿಯ ಕಾಲ. ಅಲ್ಲಿ ಗೋಳಕಿ ಮಠದ ವಿಶ್ವೇಶ್ವರ ಶಂಭು ಅನ್ನುವ ಶೈವ ಗುರು, ರುದ್ರಮದೇವಿಯ ತಂದೆ ಗಣಪತಿದೇವನಿಗೆ ದೀಕ್ಷೆ ಕೊಟ್ಟವರು. ಅವರು ತಮಗೆ ಬಂದ ಊರಿನ ಹುಟ್ಟುವಳಿಯನ್ನು ಮೂರು ಪಾಲು ಮಾಡಿದರು. ಒಂದು ಶಿವನ ಗುಡಿಗೆ, ಒಂದು ಮಠಕ್ಕೆ ಮತ್ತು ಓದುವ ಹುಡುಗರಿಗೆ, ಇನ್ನೊಂದು ಹೆರಿಗೆ ಮನೆ, ಆಸ್ಪತ್ರೆ, ಊಟದ ಛತ್ರಕ್ಕೆ. ಕಾಳಾಮುಖರಲ್ಲ, ಅವರು ಶೈವಸಿದ್ಧಾಂತದವರು. ಕೋಡಿಯಮಠದಲ್ಲಿ ಇಷ್ಟು ಬಿಡಿಸಿದ ಲೆಕ್ಕ ನಾನು ನೋಡಿಲ್ಲ.

ಲೆಕ್ಕಿಗ
ಹೆರಿಗೆ ಮನೆಗೆ ಸನ್ಯಾಸಿ ದುಡ್ಡು ಎತ್ತಿಟ್ಟದ್ದು! ಇದನ್ನು ನಾಳೆ ಆಫೀಸಲ್ಲಿ ಹೇಳುತ್ತೇನೆ.

ಶಿರಾಳಕೊಪ್ಪ ಬಸ್ಸು
ಎಲ್ಲರಿಗೂ ಥ್ಯಾಂಕ್ಸ್. ತೆಗೆದ ಫೋಟೋಗಳನ್ನು ಈಗ ದೊಡ್ಡದು ಮಾಡಿ ನೋಡಿದೆ. ಒಂದು ಕಲ್ಲಿನ ಮೇಲ್ಭಾಗದಲ್ಲಿ ನಡುವೆ ಲಿಂಗ, ಒಂದು ಕಡೆ ಕರುವಿಗೆ ಹಾಲು ಕುಡಿಸುವ ಹಸು, ಮೇಲೆ ಸೂರ್ಯ ಚಂದ್ರ. ಲಿಂಗದ ಪಕ್ಕ ಒಬ್ಬ ಮನುಷ್ಯ ಇದ್ದಾನೆ. ಇವನು ರಾಜನಾ?

ಹಳೆಕಲ್ಲು
ಸಾಮಾನ್ಯವಾಗಿ ಅದು ಪೂಜೆ ಮಾಡುವ ಗುರು ಅಥವಾ ಅರ್ಚಕ. ಕೈಯಲ್ಲಿ ಗಂಟೆಯೋ ಆರತಿಯೋ ಇದೆಯಾ ನೋಡಿ.

ಶಿರಾಳಕೊಪ್ಪ ಬಸ್ಸು
ಕೈ ಸವೆದುಹೋಗಿದೆ ಸಾರ್. ಮಧ್ಯಾಹ್ನದ ಬಿಸಿಲಲ್ಲಿ ತೆಗೆದದ್ದು, ಅಕ್ಷರ ಕೂಡ ಕಾಣಲ್ಲ. ಸೀಮೆಸುಣ್ಣ ಉಜ್ಜಿದರೆ ಕಾಣುತ್ತೆ ಅಂತ ಯಾರೋ ಹೇಳಿದರು.

ಹಳೆಕಲ್ಲು
ಬೇಡ, ಬೇಡ. ಸುಣ್ಣ, ಹಿಟ್ಟು ಏನೂ ಉಜ್ಜಬೇಡಿ, ಕಲ್ಲು ಹಾಳಾಗುತ್ತೆ. ಬೆಳಿಗ್ಗೆ ಏಳೂವರೆ ಒಳಗೆ ಹೋಗಿ, ಬಿಸಿಲು ಓರೆಯಾಗಿ ಬೀಳುವಾಗ. ಇಲ್ಲದಿದ್ದರೆ ಸಂಜೆ, ಪಕ್ಕದಿಂದ ಟಾರ್ಚ್ ಹಿಡಿದು. ಅಕ್ಷರದ ಕುಳಿಯಲ್ಲಿ ನೆರಳು ಕೂತಾಗ ಓದುವುದಕ್ಕೆ ಬರುತ್ತೆ. ತಗೊಂಡು ಬಂದು ಇಲ್ಲೇ ಹಾಕಿ, ಕೂತು ಓದೋಣ. ತೋಟದಮನೆ ಅವರೇ, ನಿಮ್ಮ ಕಲ್ಲಿನ ಫೋಟೋ ಇನ್ನೂ ಬಂದಿಲ್ಲ.

ತೋಟದಮನೆ
ಪಕ್ಕದವರು ಊರಲ್ಲಿಲ್ಲದ ದಿನ ನೋಡಿ ತೆಗೆಯುತ್ತೇನೆ.